ಇಂಧನ ಮುಗಿದ ಮೇಲೆ ಸೂರ್ಯ ಯಾಕೆ ಉಬ್ಬುತ್ತಾನೆ?

ನಕ್ಷತ್ರಗಳ ಬಗ್ಗೆ ಮಾತಾಡಲು ಹೋದ ಕಡೆಯಲ್ಲೆಲ್ಲ ಯಾರಾದರೂ ಒಬ್ಬರು ಈ ಪ್ರಶ್ನೆ ಕೇಳುತ್ತಾರೆ: "ಇಂಧನ ಮುಗಿದರೆ ಸೂರ್ಯ ಆರಿಹೋಗಬೇಕು, ಕುಗ್ಗಬೇಕು ಅಲ್ವಾ? ದೊಡ್ಡದಾಗುತ್ತಾನೆ ಅಂತೀರಲ್ಲ, ಅದು ಹೇಗೆ?" ಬಹಳ ಒಳ್ಳೆಯ ಪ್ರಶ್ನೆ. ಇದು ಅರ್ಥವಾದರೆ ಸೂರ್ಯನಂಥ ನಕ್ಷತ್ರದ ಬದುಕು ಮುಕ್ಕಾಲು ಪಾಲು ಅರ್ಥವಾದ ಹಾಗೆ.

ಆರಂಭದ ಕತೆ ಸರಳ. ತಣ್ಣನೆಯ ಅನಿಲ, ಧೂಳಿನ ನೀಹಾರಿಕೆಯ ಒಂದು ತುಣುಕು ತನ್ನದೇ ಗುರುತ್ವಕ್ಕೆ ಸಿಕ್ಕಿ ಕುಸಿಯುತ್ತದೆ. ಕುಸಿದಷ್ಟೂ ಬಿಸಿಯಾಗುತ್ತದೆ. ನಡುವಿನ ಶಾಖ ಒಂದು ಕೋಟಿ ಡಿಗ್ರಿ ದಾಟಿದಾಗ ಹೈಡ್ರೋಜನ್ ಬೆಸೆದು ಹೀಲಿಯಂ ಆಗತೊಡಗುತ್ತದೆ, ಕುಸಿತ ನಿಲ್ಲುತ್ತದೆ. ಅಲ್ಲಿಂದ ಸುಮಾರು ಸಾವಿರ ಕೋಟಿ ವರ್ಷ ದೊಡ್ಡ ಏರುಪೇರಿಲ್ಲ. ನಮ್ಮ ಸೂರ್ಯನಿಗೆ ಈಗ 460 ಕೋಟಿ ವರ್ಷ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಉರಿಯುವುದು ನಡುಭಾಗ ಮಾತ್ರ. ಹೊರಗಿನ ಹೈಡ್ರೋಜನ್ ಅಲ್ಲಿಗೆ ಇಳಿದು ಬರುವುದಿಲ್ಲ. ಹಾಗಾಗಿ ನಡುವೆ ಇಂಧನ ಖಾಲಿಯಾದಾಗಲೂ ನಕ್ಷತ್ರದ ಬಹುಪಾಲು ಹೈಡ್ರೋಜನ್ ಹಾಗೇ ಉಳಿದಿರುತ್ತದೆ. ಒಲೆಯ ನಡುವೆ ಬೂದಿ ತುಂಬಿದ್ದರೂ ಅಂಚಿನಲ್ಲಿ ಸೌದೆ ಉಳಿದಿರುವ ಹಾಗೆ. ಇಲ್ಲಿ ಬೂದಿ ಅಂದರೆ ಹೀಲಿಯಂ. ಅದು ಉರಿಯಲು ಹತ್ತು ಕೋಟಿ ಡಿಗ್ರಿ ಬೇಕು, ಅಷ್ಟು ಶಾಖ ಇನ್ನೂ ಇಲ್ಲ.

ಉರಿ ನಿಂತ ನಡುಭಾಗ ಗುರುತ್ವಕ್ಕೆ ಸಿಕ್ಕಿ ಕುಗ್ಗುತ್ತದೆ. ನೀವು ಕೇಳಿದ ಕುಗ್ಗುವಿಕೆ ಇದೇ, ಆದರೆ ಒಳಗೆ ಮಾತ್ರ. ಕುಗ್ಗಿದಷ್ಟೂ ಅದು ಇನ್ನೂ ಬಿಸಿಯಾಗುತ್ತದೆ. ಆ ಬಿಸಿಗೆ ಅದರ ಸುತ್ತಲಿನ ತೆಳು ಪದರದಲ್ಲಿರುವ ಹೈಡ್ರೋಜನ್ ಮೊದಲಿಗಿಂತ ಎಷ್ಟೋ ಜೋರಾಗಿ ಉರಿಯುತ್ತದೆ. ಈ ಶಾಖದ ಒತ್ತಡಕ್ಕೆ ಹೊರಗಿನ ಪದರಗಳು ದೂರ ಸರಿಯುತ್ತವೆ, ಹರಡಿಕೊಂಡು ತಣ್ಣಗಾಗುತ್ತವೆ, ಕೆಂಪಗೆ ಕಾಣುತ್ತವೆ. ಕೆಂಪು ದೈತ್ಯ ಅನ್ನುವುದು ಇದನ್ನೇ.

ಇದನ್ನು ಕಣ್ಣಾರೆ ನೋಡಬೇಕೆಂದರೆ ಮೇ ತಿಂಗಳ ರಾತ್ರಿ ಸಪ್ತರ್ಷಿ ಮಂಡಲದ ಬಾಲದ ಬಾಗನ್ನೇ ಹಿಡಿದು ಮುಂದೆ ಹೋಗಿ. ಕಿತ್ತಳೆ ಬಣ್ಣದ ಸ್ವಾತಿ ಸಿಗುತ್ತದೆ. ತೂಕದಲ್ಲಿ ಅದು ಸೂರ್ಯನಿಗಿಂತ ಸ್ವಲ್ಪವೇ ಜಾಸ್ತಿ. ಅಗಲ ಮಾತ್ರ ಸುಮಾರು 25 ಪಟ್ಟು. ಮೇಲ್ಮೈ ಶಾಖ ಸುಮಾರು 4000 ಡಿಗ್ರಿ, ಸೂರ್ಯನದು 5500. ನಮ್ಮಿಂದ 37 ಜ್ಯೋತಿರ್ವರ್ಷ ದೂರ. ನಮ್ಮ ಸೂರ್ಯ ಸುಮಾರು 500 ಕೋಟಿ ವರ್ಷದ ನಂತರ ಈ ದಾರಿ ಹಿಡಿಯುತ್ತಾನೆ.

ನಡುಭಾಗ ಹತ್ತು ಕೋಟಿ ಡಿಗ್ರಿ ಮುಟ್ಟಿದಾಗ ಹೀಲಿಯಂಗೆ ಬೆಂಕಿ ಹತ್ತುತ್ತದೆ, ಇಂಗಾಲ, ಆಮ್ಲಜನಕ ತಯಾರಾಗುತ್ತವೆ. ಆಗ ನಕ್ಷತ್ರ ಇನ್ನೂ ಉಬ್ಬುತ್ತದೆ ಅಂದುಕೊಳ್ಳಬೇಡಿ. ನಡುಭಾಗ ಹಿಗ್ಗಿ ಸಡಿಲವಾಗುತ್ತದೆ, ಸುತ್ತಲಿನ ಪದರದ ಉರಿ ಇಳಿಯುತ್ತದೆ, ನಕ್ಷತ್ರ ಸಾಕಷ್ಟು ಚಿಕ್ಕದಾಗುತ್ತದೆ. ಒಳಗೆ ಉರಿ ಹತ್ತಿದರೆ ಹೊರಗೆ ಕುಗ್ಗುತ್ತದೆ, ಒಳಗೆ ಆರಿದರೆ ಹೊರಗೆ ಉಬ್ಬುತ್ತದೆ. ಇಡೀ ಕತೆಯ ಬೀಗದ ಕೈ ಇಲ್ಲಿದೆ.

ಸರಿ, ಒಳಗೆ ಹೀಲಿಯಂ ಉರಿಯುತ್ತಿದೆಯೋ ಇಲ್ಲವೋ ಅಂತ ತಿಳಿಯುವುದು ಹೇಗೆ? ಹೊರಗಿನಿಂದ ಎರಡೂ ಬಗೆಯ ದೈತ್ಯಗಳು ಒಂದೇ ಥರ ಕಾಣಬಹುದು. ಉತ್ತರ ಸಿಕ್ಕಿದ್ದು ನಕ್ಷತ್ರಗಳ ನಡುಕದಿಂದ. ಅವುಗಳ ಬೆಳಕು ಸದಾ ಒಂದಿಷ್ಟು ಏರಿಳಿಯುತ್ತಿರುತ್ತದೆ. ಕೆಲವು ಅಲೆಗಳು ನಡುಭಾಗವನ್ನು ಹಾದುಬಂದು ಅಲ್ಲಿನ ಗುರುತು ಹೊತ್ತಿರುತ್ತವೆ. ಕೆಪ್ಲರ್ ದೂರದರ್ಶಕದ ಅಳತೆಗಳಿಂದ 2011ರಲ್ಲಿ ಇದು ಹೊರಬಂತು: ಇಂಥ ಕಂಪನಗಳ ಅವಧಿಗಳ ನಡುವಿನ ಅಂತರ ಸುಮಾರು 50 ಸೆಕೆಂಡ್ ಇದ್ದರೆ ಪದರ ಮಾತ್ರ ಉರಿಯುತ್ತಿದೆ, 100 ಸೆಕೆಂಡ್ ದಾಟಿದರೆ ನಡುವೆ ಹೀಲಿಯಂ ಉರಿಯುತ್ತಿದೆ. ನನ್ನ ಮಟ್ಟಿಗೆ ಇದು ನಮ್ಮ ಕ್ಷೇತ್ರದ ಅತಿ ಚೆಂದದ ಅಳತೆಗಳಲ್ಲೊಂದು.

ಸುಮಾರು ಹತ್ತು ಕೋಟಿ ವರ್ಷದಲ್ಲಿ ಹೀಲಿಯಂ ಕೂಡ ನಡುವೆ ಮುಗಿಯುತ್ತದೆ. ಮತ್ತೆ ಅದೇ ಪಾಡು: ಇಂಗಾಲ, ಆಮ್ಲಜನಕದ ಬೂದಿ ಕುಗ್ಗುತ್ತದೆ, ಹೊರಭಾಗ ಉಬ್ಬುತ್ತದೆ. ಈ ಸಲ ಇಂಗಾಲ ಉರಿಯುವಷ್ಟು ಶಾಖ ಬರುವುದೇ ಇಲ್ಲ, ಸೂರ್ಯನ ತೂಕ ಅದಕ್ಕೆ ಸಾಲದು. ಹೊರ ಪದರಗಳು ಬಿಡಿಬಿಡಿಯಾಗಿ ತೂರಿಹೋಗುತ್ತವೆ. ಹೆಚ್ಚು ಕಡಿಮೆ ಅರ್ಧ ತೂಕ ಹೀಗೇ ಕಳೆದುಹೋಗುತ್ತದೆ. ಆ ಅನಿಲ ಕೆಲವು ಸಾವಿರ ವರ್ಷ ಬಣ್ಣದ ಉಂಗುರದಂತೆ ಹೊಳೆದು ಚದುರಿಹೋಗುತ್ತದೆ.

ಉಳಿಯುವುದು ಶ್ವೇತ ಕುಬ್ಜ, ಹೆಚ್ಚು ಕಡಿಮೆ ಭೂಮಿಯಷ್ಟು ಗಾತ್ರ. ಅಲ್ಲಿ ಉರಿ ಇಲ್ಲ, ಆದರೂ ಅದು ಕುಸಿಯುವುದಿಲ್ಲ. ಎಲೆಕ್ಟ್ರಾನ್‌ಗಳನ್ನು ಒಂದು ಮಿತಿಗಿಂತ ಒತ್ತಾಗಿ ತುಂಬಲು ಆಗುವುದಿಲ್ಲ, ಆ ಒತ್ತಡವೇ ಅದನ್ನು ಎತ್ತಿ ಹಿಡಿಯುತ್ತದೆ. ಈ ಒತ್ತಡಕ್ಕೆ ಶಾಖ ಬೇಕಿಲ್ಲ, ಹಾಗಾಗಿ ತಣ್ಣಗಾದರೂ ಅದು ಹಾಗೇ ನಿಲ್ಲುತ್ತದೆ.

ಉದಾಹರಣೆಗೆ ಎಲ್ಲರೂ ಲುಬ್ಧಕದ ಜೊತೆಗಾರನ ಹೆಸರು ಹೇಳುತ್ತಾರೆ. ಆದರೆ ಅದು ಸೂರ್ಯನಿಗಿಂತ ಎಷ್ಟೋ ಭಾರದ ನಕ್ಷತ್ರದಿಂದ ಉಳಿದದ್ದು, ಮೇಲಾಗಿ ಲುಬ್ಧಕದ ಪ್ರಖರತೆಯಲ್ಲಿ ಕಾಣುವುದೇ ಕಷ್ಟ. ನಾನು ತೋರಿಸುವುದು 40 ಎರಿಡಾನಿ ಬಿ. ದೂರ 16 ಜ್ಯೋತಿರ್ವರ್ಷ. ತೂಕ ಸೂರ್ಯನ 0.57ರಷ್ಟು, ನಮ್ಮ ಸೂರ್ಯ ಕೊನೆಗೆ ಉಳಿಸಿಕೊಳ್ಳುವುದೂ ಸರಿಸುಮಾರು ಅಷ್ಟೇ. ಡಿಸೆಂಬರ್, ಜನವರಿ ರಾತ್ರಿಗಳಲ್ಲಿ, ಊರ ದೀಪಗಳಿಂದ ದೂರ, ಸಣ್ಣ ದೂರದರ್ಶಕವೊಂದಿದ್ದರೆ ಸಾಕು. ಮೊದಲು ಬರಿಗಣ್ಣಿಗೂ ಕಾಣುವ ಅದರ ಕಿತ್ತಳೆ ಜೊತೆಗಾರನನ್ನು ಹುಡುಕಿ, ಪಕ್ಕದಲ್ಲೇ ತುಸು ಬಿಟ್ಟು ಇರುವ ಮಂಕಾದ ಬಿಳಿ ಚುಕ್ಕೆಯೇ ಅದು.