ಪಾಸ್‌ವರ್ಡ್ ಸರಿಯಾಗಿದ್ದರೂ ವೈ-ಫೈ ಕ್ಯೂಆರ್ ಕೋಡ್ ಏಕೆ ಕೈಕೊಡುತ್ತದೆ?

ಓದುಗರ ಪ್ರಶ್ನೆ: ನಮ್ಮ ವೈ-ಫೈಗೆ ಕ್ಯೂಆರ್ ಕೋಡ್ ಮಾಡಿ ಗೋಡೆಗೆ ಅಂಟಿಸಿದ್ದೇನೆ. ಸ್ಕ್ಯಾನ್ ಮಾಡಿದರೆ ನೆಟ್‌ವರ್ಕ್‌ನ ಹೆಸರು ಸರಿಯಾಗಿಯೇ ಬರುತ್ತದೆ, ಆದರೆ ಪಾಸ್‌ವರ್ಡ್ ತಪ್ಪು ಎಂದು ಫೋನ್ ಹೇಳುತ್ತದೆ. ಅದೇ ಪಾಸ್‌ವರ್ಡನ್ನು ಕೈಯಿಂದ ಟೈಪ್ ಮಾಡಿದರೆ ಕನೆಕ್ಟ್ ಆಗುತ್ತದೆ. ಚಿತ್ರವನ್ನು ಇನ್ನೂ ದೊಡ್ಡದಾಗಿ, ಸ್ಪಷ್ಟವಾಗಿ ಪ್ರಿಂಟ್ ಮಾಡಿಸಬೇಕೆ?

ಉತ್ತರ: ಬೇಡ. ಈ ಪ್ರಶ್ನೆ ನನಗೆ ಎಷ್ಟು ಬಾರಿ ಬಂದಿದೆಯೆಂಬುದನ್ನು ಎಣಿಸುವುದನ್ನು ಬಿಟ್ಟು ಬಹಳ ಕಾಲವಾಯಿತು. ಪ್ರತಿ ಬಾರಿಯೂ ಕೇಳುವವರು ಚಿತ್ರದ ಮೇಲೆಯೇ ಅನುಮಾನ ಪಡುತ್ತಾರೆ. ಕಾಗದ ಹೊಳೆಯುತ್ತಿದೆ, ಶಾಯಿ ಹರಡಿದೆ, ಲ್ಯಾಮಿನೇಷನ್ ಮಾಡಿಸಿದ್ದರಿಂದ ಬೆಳಕು ಪ್ರತಿಫಲಿಸುತ್ತಿದೆ ಎಂದು ಕಾರಣ ಹುಡುಕುತ್ತಾರೆ. ಒಬ್ಬರು ಒಂದೇ ಕೋಡನ್ನು ನಾಲ್ಕು ಅಳತೆಗಳಲ್ಲಿ ಪ್ರಿಂಟ್ ಮಾಡಿಸಿ, ನಾಲ್ಕನ್ನೂ ನನ್ನ ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದರು. ನಾಲ್ಕರಲ್ಲಿಯೂ ಇದ್ದದ್ದು ಒಂದೇ ತಪ್ಪು ಪಠ್ಯ. ದೋಷವಿರುವುದು ಚಿತ್ರದಲ್ಲಲ್ಲ, ಚಿತ್ರದ ಹಿಂದೆ ನೀವು ಬರೆದ ಸಾಲಿನಲ್ಲಿ.

ಚಿತ್ರ ಸ್ವಲ್ಪ ಕೆಟ್ಟರೆ ಪಾಸ್‌ವರ್ಡ್‌ನ ಒಂದೆರಡು ಅಕ್ಷರಗಳು ತಪ್ಪಾಗಿ ಓದಲ್ಪಡುತ್ತವೆ ಎಂಬ ನಂಬಿಕೆ ಎಲ್ಲಿಂದ ಬಂದಿತೋ ತಿಳಿಯದು, ಆದರೆ ಅದನ್ನು ಬುಡಸಹಿತ ಕೀಳಲೇಬೇಕು. ಕೈಬರಹ ಮಸುಕಾದರೆ ಒಂದು ಅಕ್ಷರವನ್ನು ಇನ್ನೊಂದೆಂದು ಓದುವ ಸಾಧ್ಯತೆ ಉಂಟು. ಕ್ಯೂಆರ್ ಕೋಡ್ ಹಾಗೆ ಕೆಡುವುದಿಲ್ಲ. ಅದರೊಳಗೆ ನಿಮ್ಮ ಪಠ್ಯದ ಜೊತೆಗೆ, ಆ ಪಠ್ಯದಿಂದಲೇ ಲೆಕ್ಕ ಹಾಕಿ ತೆಗೆದ ಹೆಚ್ಚುವರಿ ಮಾಹಿತಿಯೂ ಇರುತ್ತದೆ. ರೀಡ್-ಸಾಲೊಮನ್ ಎಂಬ ಈ ದೋಷ ತಿದ್ದುವ ವಿಧಾನಕ್ಕೆ L, M, Q, H ಎಂಬ ನಾಲ್ಕು ಮಟ್ಟಗಳಿವೆ, ಮತ್ತು ಅವು ಕ್ರಮವಾಗಿ ಸುಮಾರು ಶೇ. 7, 15, 25, 30ರಷ್ಟು ಹಾನಿಯನ್ನು ಸರಿಪಡಿಸಬಲ್ಲವು. ಹಾನಿ ಆ ಮಿತಿಯೊಳಗಿದ್ದರೆ ಕಳೆದುಹೋದ ಭಾಗವನ್ನು ಫೋನ್ ಲೆಕ್ಕದಿಂದಲೇ ಮರಳಿ ಪಡೆಯುತ್ತದೆ, ಮತ್ತು ಮೂಲ ಪಠ್ಯ ಒಂದು ಚುಕ್ಕೆಯೂ ಬದಲಾಗದೆ ಕೈಗೆ ಬರುತ್ತದೆ. ಮಿತಿ ಮೀರಿದರೆ ಲೆಕ್ಕ ಹೊಂದುವುದಿಲ್ಲ, ಆಗ ಫೋನ್ ಏನನ್ನೂ ತೋರಿಸದೆ ಸುಮ್ಮನೆ ಕ್ಯಾಮೆರಾ ಹಿಡಿದುಕೊಂಡಿರುತ್ತದೆ. ಓದಿದರೆ ಪೂರ್ತಿ ಓದುತ್ತದೆ, ಇಲ್ಲವಾದರೆ ಓದುವುದೇ ಇಲ್ಲ. ಆದ್ದರಿಂದ ನಿಮ್ಮ ಫೋನ್ ನೆಟ್‌ವರ್ಕ್‌ನ ಹೆಸರನ್ನು ತೋರಿಸಿದ ಕ್ಷಣದಲ್ಲಿಯೇ ಚಿತ್ರದ ಕೆಲಸ ಯಶಸ್ವಿಯಾಗಿ ಮುಗಿದಿದೆ, ಅದು ನಿರ್ದೋಷಿ.

ಇದೇ ನಂಬಿಕೆಯಿಂದ ಕೆಲವರು ಕೋಡ್ ತಯಾರಿಸುವಾಗ ಅತಿ ಹೆಚ್ಚಿನ ಮಟ್ಟವಾದ H ಅನ್ನು ಆರಿಸಿಕೊಳ್ಳುತ್ತಾರೆ. ಮುಂದೆ ನಾನು ಕೊಡುವ 45 ಅಕ್ಷರಗಳ ಸಾಲನ್ನೇ ತೆಗೆದುಕೊಂಡರೆ, ಅದು L ಮಟ್ಟದಲ್ಲಿ 29×29 ಚೌಕಗಳ ಕೋಡ್ ಆಗುತ್ತದೆ, H ಮಟ್ಟದಲ್ಲಿ 41×41 ಆಗುತ್ತದೆ. ಅಷ್ಟೇ ಅಗಲದ ಕಾಗದದಲ್ಲಿ ಚೌಕಗಳು ಇನ್ನಷ್ಟು ಚಿಕ್ಕದಾಗುತ್ತವೆ, ದೂರದಿಂದ ಸ್ಕ್ಯಾನ್ ಮಾಡುವುದು ಕಷ್ಟವಾಗುತ್ತದೆ, ಆದರೆ ತಪ್ಪು ಪಠ್ಯ ಮಾತ್ರ ತಪ್ಪಾಗಿಯೇ ಉಳಿಯುತ್ತದೆ. ಏಕೆಂದರೆ ದೋಷ ತಿದ್ದುವ ವಿಧಾನ ತಿದ್ದುವುದು ಕಾಗದದ ಮೇಲಿನ ಹಾನಿಯನ್ನು. ನೀವು ಬರೆದದ್ದು ಸರಿಯೋ ತಪ್ಪೋ ಎಂಬುದು ಅದಕ್ಕೆ ತಿಳಿಯುವ ದಾರಿಯೇ ಇಲ್ಲ.

ಇನ್ನು ಪಠ್ಯಕ್ಕೆ ಬರೋಣ. ವೈ-ಫೈ ಕೋಡ್‌ನೊಳಗೆ ಇರುವುದು ಗುಪ್ತಲಿಪಿಯೇನೂ ಅಲ್ಲ, ಯಾರು ಬೇಕಾದರೂ ಓದಬಹುದಾದ ಒಂದೇ ಒಂದು ಸಾಲು. `WIFI:` ಎಂಬ ಪದದಿಂದ ಅದು ಆರಂಭವಾಗುತ್ತದೆ. ಆಮೇಲೆ `T:` ಎಂದರೆ ಭದ್ರತೆಯ ಬಗೆ, `S:` ಎಂದರೆ ನೆಟ್‌ವರ್ಕ್‌ನ ಹೆಸರು, `P:` ಎಂದರೆ ಪಾಸ್‌ವರ್ಡ್. ಈ ಮೂರು ಯಾವ ಕ್ರಮದಲ್ಲಿ ಬಂದರೂ ಅಡ್ಡಿಯಿಲ್ಲ, ಆದರೆ ಪ್ರತಿಯೊಂದೂ ಸೆಮಿಕೋಲನ್‌ನಿಂದ ಮುಗಿಯಬೇಕು, ಮತ್ತು ಇಡೀ ಸಾಲಿನ ಕೊನೆಗೆ ಇನ್ನೊಂದು ಸೆಮಿಕೋಲನ್ ಬರಬೇಕು. ಹೆಸರನ್ನು ಮರೆಮಾಡಿದ ನೆಟ್‌ವರ್ಕ್ ಆಗಿದ್ದರೆ ಮಾತ್ರ `H:true;` ಎಂಬುದನ್ನು ಸೇರಿಸಬೇಕಾಗುತ್ತದೆ.

ಸೆಮಿಕೋಲನ್ ಇಲ್ಲಿ ಬೇಲಿಯ ಕೆಲಸ ಮಾಡುತ್ತದೆ ಎಂಬುದು ಅರ್ಥವಾದರೆ ನಿಮ್ಮ ಸಮಸ್ಯೆ ಅರ್ಧ ಬಗೆಹರಿದಂತೆ. ನೆಟ್‌ವರ್ಕ್‌ನ ಹೆಸರು `Mahadi-2`, ಪಾಸ್‌ವರ್ಡ್ `hasiruele;27\mara` ಎಂದಿಟ್ಟುಕೊಳ್ಳಿ. ಪಾಸ್‌ವರ್ಡ್ ಒಳ್ಳೆಯದೇ, 17 ಅಕ್ಷರಗಳಿವೆ. ಅದನ್ನು ಇದ್ದ ಹಾಗೆಯೇ ಸಾಲಿನಲ್ಲಿ ಸೇರಿಸಿದರೆ ಹೀಗಾಗುತ್ತದೆ:

```
WIFI:T:WPA;S:Mahadi-2;P:hasiruele;27\mara;;
```

ಫೋನ್ `P:` ಆದ ಮೇಲೆ ಓದುತ್ತಾ ಹೋಗಿ ಮೊದಲ ಸೆಮಿಕೋಲನ್ ಸಿಕ್ಕ ಕೂಡಲೇ ನಿಲ್ಲುತ್ತದೆ. ಅದರ ಪಾಲಿಗೆ ಪಾಸ್‌ವರ್ಡ್ ಎಂದರೆ `hasiruele` ಮಾತ್ರ. ಉಳಿದ `27\mara` ಯಾವ ಅಂಶಕ್ಕೂ ಸೇರದ ತುಂಡಾದ್ದರಿಂದ ಅದನ್ನು ಕಡೆಗಣಿಸುತ್ತದೆ. ಹೆಸರು ಸರಿಯಾಗಿ ಕಾಣಿಸಿ ಪಾಸ್‌ವರ್ಡ್ ಮಾತ್ರ ತಪ್ಪಾಗುವುದು ಇದೇ ಕಾರಣಕ್ಕೆ. ವೈ-ಫೈ ಪಾಸ್‌ವರ್ಡ್‌ಗೆ ಕನಿಷ್ಠ 8 ಅಕ್ಷರ ಬೇಕು. ಇಲ್ಲಿ ಕತ್ತರಿಸಿ ಉಳಿದ ತುಂಡಿನಲ್ಲಿ 9 ಅಕ್ಷರಗಳಿರುವುದರಿಂದ ಫೋನಿಗೆ ಯಾವ ಅನುಮಾನವೂ ಬರುವುದಿಲ್ಲ, ಅದು ನೇರವಾಗಿ ರೂಟರ್‌ನ ಬಳಿ ಹೋಗಿ ತಿರಸ್ಕೃತವಾಗಿ ಬರುತ್ತದೆ.

ಪರಿಹಾರವೆಂದರೆ, ಬೇಲಿಯಲ್ಲದ ಸೆಮಿಕೋಲನ್‌ನ ಮುಂಚೆ ಒಂದು ಬ್ಯಾಕ್‌ಸ್ಲ್ಯಾಶ್ ಇಡುವುದು. ಮುಂದೆ ಬರುವ ಚಿಹ್ನೆಯನ್ನು ಅಕ್ಷರವೆಂದೇ ತಿಳಿ ಎಂದು ಫೋನಿಗೆ ಹೇಳುವ ಗುರುತು ಅದು. ಸೆಮಿಕೋಲನ್, ಕೋಲನ್, ಅಲ್ಪವಿರಾಮ, ಎರಡೆಳೆಯ ಉದ್ಧರಣ ಚಿಹ್ನೆ ಮತ್ತು ಬ್ಯಾಕ್‌ಸ್ಲ್ಯಾಶ್, ಈ ಐದಕ್ಕೂ ಇದೇ ನಿಯಮ, ಮತ್ತು ಪಾಸ್‌ವರ್ಡ್‌ಗೆ ಹೇಗೋ ನೆಟ್‌ವರ್ಕ್‌ನ ಹೆಸರಿಗೂ ಹಾಗೆಯೇ. ಖಾಲಿ ಜಾಗವನ್ನು ಮುಟ್ಟಬೇಕಾಗಿಲ್ಲ. ಸರಿಯಾದ ಸಾಲು ಇದು:

```
WIFI:T:WPA;S:Mahadi-2;P:hasiruele\;27\\mara;;
```

ಇಲ್ಲಿ ಬಹಳ ಜನ ಎಡವುವ ಇನ್ನೊಂದು ಕಲ್ಲಿದೆ. ಈ ಬದಲಾವಣೆಯನ್ನು ಎಡಿಟರ್‌ನ ಹುಡುಕು-ಬದಲಿಸು ಸೌಲಭ್ಯದಿಂದ ಮಾಡುವವರು ಮೊದಲು ಸೆಮಿಕೋಲನ್‌ಗಳನ್ನು ಬದಲಿಸಿ, ಆಮೇಲೆ ಬ್ಯಾಕ್‌ಸ್ಲ್ಯಾಶ್‌ಗಳನ್ನು ಇಮ್ಮಡಿ ಮಾಡುತ್ತಾರೆ. ಆಗ ತಾವೇ ಈಗಷ್ಟೇ ಸೇರಿಸಿದ ಬ್ಯಾಕ್‌ಸ್ಲ್ಯಾಶ್ ಕೂಡ ಇಮ್ಮಡಿಯಾಗಿ ಪಾಸ್‌ವರ್ಡ್ `hasiruele\\;27\\mara` ಎಂದಾಗುತ್ತದೆ. ಫೋನ್ ಮೊದಲ ಜೋಡಿಯನ್ನು ಒಂದು ಬ್ಯಾಕ್‌ಸ್ಲ್ಯಾಶ್ ಎಂದು ಓದುತ್ತದೆ, ಅದರ ಪಕ್ಕದ ಸೆಮಿಕೋಲನ್ ಮತ್ತೆ ಬೇಲಿಯಾಗುತ್ತದೆ, ಪಾಸ್‌ವರ್ಡ್ `hasiruele\` ಎಂದು ತುಂಡಾಗುತ್ತದೆ. ಆದ್ದರಿಂದ ಬ್ಯಾಕ್‌ಸ್ಲ್ಯಾಶ್‌ಗಳನ್ನು ಎಲ್ಲಕ್ಕಿಂತ ಮೊದಲು ಇಮ್ಮಡಿ ಮಾಡಿ, ಉಳಿದ ನಾಲ್ಕನ್ನು ಆಮೇಲೆ ನೋಡಿಕೊಳ್ಳಿ. ಹಾಗೆಯೇ, ಪತ್ರ ಬರೆಯುವ ತಂತ್ರಾಂಶದಲ್ಲಿ ಈ ಸಾಲನ್ನು ಟೈಪ್ ಮಾಡಬೇಡಿ. ಅದು ನೇರ ಉದ್ಧರಣ ಚಿಹ್ನೆಯನ್ನು ನಿಮಗೆ ಹೇಳದೆಯೇ ಬಾಗಿದ ಚಿಹ್ನೆಯಾಗಿಸಿಬಿಡುವುದುಂಟು.

ಬದಲಾವಣೆ ಸರಿಯಾಯಿತೇ ಎಂದು ನೋಡಲು ಮತ್ತೆ ಪ್ರಿಂಟ್ ಮಾಡಿಸಬೇಕಿಲ್ಲ. ಕೋಡನ್ನು ಪರದೆಯ ಮೇಲೆಯೇ ಇಟ್ಟು, ಒಳಗಿನ ಪಠ್ಯವನ್ನು ಇದ್ದಂತೆಯೇ ತೋರಿಸುವ ಯಾವುದಾದರೂ ಕ್ಯೂಆರ್ ಓದುವ ಆ್ಯಪ್‌ನಿಂದ ಸ್ಕ್ಯಾನ್ ಮಾಡಿ, ಬಂದ ಸಾಲನ್ನು ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಿ. ಸಾಲು ಸರಿಯಿದ್ದರೆ, ಆ ನೆಟ್‌ವರ್ಕನ್ನು ಫೋನ್‌ನಲ್ಲಿ ಮರೆತುಬಿಡುವಂತೆ ಮಾಡಿ ಆಮೇಲೆ ಸ್ಕ್ಯಾನ್ ಮಾಡಿ. ಇಲ್ಲವಾದರೆ ನೀವು ಮೊದಲು ಕೈಯಿಂದ ಟೈಪ್ ಮಾಡಿ ಉಳಿಸಿದ ಪಾಸ್‌ವರ್ಡ್‌ನಿಂದಲೇ ಅದು ಕನೆಕ್ಟ್ ಆಗಿ, ತಪ್ಪು ಕೋಡ್ ಕೂಡ ಸರಿಯೆಂದು ತೋರೀತು.

ಭದ್ರತೆಯ ಬಗೆಯ ವಿಷಯದಲ್ಲಿ ಎರಡೇ ಮಾತು ಹೇಳುತ್ತೇನೆ. ರೂಟರ್‌ನಲ್ಲಿ WPA2 ಎಂದಿದ್ದರೂ `T:` ಎದುರಿಗೆ `WPA` ಎಂದಷ್ಟೇ ಬರೆಯಬೇಕು, ಏಕೆಂದರೆ ಇಲ್ಲಿ ಅದು ಪಾಸ್‌ವರ್ಡ್ ಕೇಳುವ ಆ ಇಡೀ ಕುಟುಂಬದ ಹೆಸರು. `WPA2` ಎಂದು ಬರೆದರೆ ಕೆಲವು ಫೋನ್‌ಗಳು ಸಹಿಸಿಕೊಳ್ಳಬಹುದು, ಕೆಲವು ಗೊತ್ತಿಲ್ಲದ ಬಗೆಯೆಂದು ಕೈಬಿಡುತ್ತವೆ. ಪಾಸ್‌ವರ್ಡ್ ಇಲ್ಲದ ನೆಟ್‌ವರ್ಕ್‌ಗೆ `nopass` ಎಂದು ಬರೆದರೆ ಸಾಕು.

ನೆಟ್‌ವರ್ಕ್‌ಗೆ ಕನ್ನಡದಲ್ಲಿಯೇ ಹೆಸರಿಡಬಹುದೇ ಎಂದು ಯಾರೂ ಕೇಳಿಲ್ಲ, ಆದರೆ ಕೇಳಬೇಕಿತ್ತು. ಇಡಬಹುದು. ನೆಟ್‌ವರ್ಕ್‌ನ ಹೆಸರಿಗೆ ಇರುವ ಮಿತಿ 32 ಅಕ್ಷರಗಳಲ್ಲ, 32 ಬೈಟ್‌ಗಳು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೆ 3 ಬೈಟ್ ಬೇಕು, ಮತ್ತು ಸ್ವರಚಿಹ್ನೆಯನ್ನು ಪ್ರತ್ಯೇಕವಾಗಿ ಎಣಿಸಬೇಕು. ‘ಮೇಲಿನ ಮಹಡಿ’ ಎಂಬುದರಲ್ಲಿ ವ್ಯಂಜನ ಮತ್ತು ಸ್ವರಚಿಹ್ನೆ ಸೇರಿ 9, ಅಂದರೆ 27 ಬೈಟ್, ನಡುವಿನ ಖಾಲಿ ಜಾಗಕ್ಕೆ 1, ಒಟ್ಟು 28. ಇದು ಮಿತಿಯೊಳಗಿದೆ. ‘ಮೇಲಿನ ಮಹಡಿ ಕೋಣೆ’ ಎಂದರೆ 41 ಆಗಿ ಮಿತಿ ದಾಟುತ್ತದೆ.

ಇದಕ್ಕಿಂತಲೂ ಸೂಕ್ಷ್ಮವಾದ ಒಂದು ತೊಡಕಿದೆ. ‘ಮೇ’ಯ ದೀರ್ಘ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ದೀರ್ಘದ ಗುರುತು ಎಂದು ಎರಡಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಆದರೆ ಎರಡನೆಯ ರೀತಿಯಲ್ಲಿ ಅದೇ ‘ಮೇಲಿನ ಮಹಡಿ’ 31 ಬೈಟ್ ಆಗುತ್ತದೆ. ಫೋನ್ ಹೆಸರುಗಳನ್ನು ಹೋಲಿಸುವುದು ಬೈಟ್‌ಗಳಿಂದ, ಕಣ್ಣಿನಿಂದಲ್ಲ. ಹೀಗಾಗಿ ರೂಟರ್‌ನಲ್ಲಿ ಒಂದು ರೀತಿ, ಕೋಡ್‌ನಲ್ಲಿ ಇನ್ನೊಂದು ರೀತಿ ಇದ್ದರೆ, ಎದುರಿಗೇ ಇರುವ ನೆಟ್‌ವರ್ಕ್ ಸಿಗುತ್ತಿಲ್ಲವೆಂದು ಫೋನ್ ಹೇಳುತ್ತದೆ. ಕನ್ನಡದ ಹೆಸರನ್ನು ಎರಡನೆಯ ಬಾರಿ ಟೈಪ್ ಮಾಡದೆ, ರೂಟರ್‌ನ ಸೆಟ್ಟಿಂಗ್ ಪುಟದಿಂದಲೇ ನಕಲು ಮಾಡಿ `S:` ಎದುರಿಗೆ ಅಂಟಿಸಿ.