ವೊಲಾಟಿಲಿಟಿ ಸ್ಕ್ಯೂ: ದೂರದ ಪುಟ್ ಯಾಕೆ ದುಬಾರಿ?

ಒಂದು ಸೂಚ್ಯಂಕ 10,000ದಲ್ಲಿದೆ ಅಂದುಕೊಳ್ಳಿ. ಪುಟ್ ಅಂದರೆ ಅದನ್ನು ನಿಗದಿತ ಬೆಲೆಗೆ ಮಾರುವ ಹಕ್ಕು, ಕಾಲ್ ಅಂದರೆ ಕೊಳ್ಳುವ ಹಕ್ಕು. ಆ ನಿಗದಿತ ಬೆಲೆಯೇ ಸ್ಟ್ರೈಕ್. ಎಕ್ಸ್‌ಪೈರಿಗೆ, ಅಂದರೆ ಹಕ್ಕಿನ ಅವಧಿ ಮುಗಿಯಲು, ಒಂದು ತಿಂಗಳಿದೆ. 9,000ದ ಪುಟ್, 11,000ದ ಕಾಲ್ ಎರಡೂ ಔಟ್ ಆಫ್ ದಿ ಮನಿ, ಅಂದರೆ ಈಗಲೇ ಬಳಸಿದರೆ ಏನೂ ಸಿಗದು. ಎರಡೂ 1,000 ಪಾಯಿಂಟ್ ದೂರ. ಬೆಲೆ ಹೆಚ್ಚುಕಡಿಮೆ ಒಂದೇ ಇರಬೇಕು ಅಲ್ವಾ?

ಆಪ್ಷನ್‌ಗಳ ಬೆಲೆ ಲೆಕ್ಕ ಹಾಕುವ 1973ರ ಬ್ಲ್ಯಾಕ್-ಶೋಲ್ಸ್ ಸೂತ್ರ ಎಲ್ಲ ಸ್ಟ್ರೈಕ್‌ಗೂ ಒಂದೇ ವೊಲಾಟಿಲಿಟಿ, ಅಂದರೆ ಒಂದೇ ಏರಿಳಿತದ ಪ್ರಮಾಣ ಅಂತ ಹಿಡಿಯುತ್ತದೆ. 20% ಹಾಕಿ, ಬಡ್ಡಿ ಸೊನ್ನೆ ಅಂತಿಟ್ಟು ಲೆಕ್ಕ ಮಾಡಿದರೆ ಪುಟ್‌ಗೆ ಸುಮಾರು 7 ಪಾಯಿಂಟ್, ಕಾಲ್‌ಗೆ 12 ಚಿಲ್ಲರೆ ಬರುತ್ತದೆ. ಅಂದರೆ ಸೂತ್ರದ ಪ್ರಕಾರ ಕಾಲೇ ದುಬಾರಿ! ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಕಾಣುವುದು ಇದರ ಉಲ್ಟಾ. ಪುಟ್ 35ರ ಆಸುಪಾಸು, ಕಾಲ್ ಮೂರೂವರೆ ಇದ್ದರೂ ಆಶ್ಚರ್ಯವಿಲ್ಲ. ಈ ಬೆಲೆ ಬರಬೇಕಾದರೆ ಸೂತ್ರಕ್ಕೆ ಪುಟ್‌ನಲ್ಲಿ 28%, ಕಾಲ್‌ನಲ್ಲಿ 16% ಹಾಕಬೇಕು. ಹೀಗೆ ಬೆಲೆಯಿಂದ ಹಿಂದಕ್ಕೆ ಲೆಕ್ಕ ಹಾಕಿ ತೆಗೆದದ್ದೇ ಇಂಪ್ಲೈಡ್ ವೊಲಾಟಿಲಿಟಿ, ಅಂದರೆ ಐವಿ. ಸ್ಟ್ರೈಕ್‌ಗಳ ಎದುರು ಐವಿಯ ಗೆರೆ ಎಳೆದಾಗ ಅದು ಎಡದಿಂದ ಬಲಕ್ಕೆ ಇಳಿದರೆ ಸ್ಕ್ಯೂ. ಎರಡೂ ತುದಿ ಮೇಲೆದ್ದರೆ ಸ್ಮೈಲ್. ಕರೆನ್ಸಿ ಆಪ್ಷನ್‌ಗಳಲ್ಲಿ ಸ್ಮೈಲ್ ಜಾಸ್ತಿ ಕಾಣುತ್ತದೆ, ಯಾಕಂದರೆ ಅಲ್ಲಿ ಒಂದು ಕರೆನ್ಸಿ ಬಿದ್ದರೆ ಇನ್ನೊಂದು ಏರಿದಂತೆ.

ಅಮೆರಿಕದ ಸೂಚ್ಯಂಕ ಆಪ್ಷನ್‌ಗಳಲ್ಲಿ ಈ ಗೆರೆ ಮೊದಲು ಹೆಚ್ಚುಕಡಿಮೆ ಸಪಾಟಾಗಿತ್ತು. 1987ರ ಅಕ್ಟೋಬರ್ 19ರಂದು ಡೌ ಜೋನ್ಸ್ ಒಂದೇ ದಿನ 22.6% ಕುಸಿಯಿತು. ಸ್ಕ್ಯೂ ಎದ್ದು ಕಾಣತೊಡಗಿದ್ದು ಆಮೇಲೆ. ಷೇರುಪೇಟೆ ನಿಧಾನ ಹತ್ತುತ್ತದೆ, ದಡಕ್ಕನೆ ಬೀಳುತ್ತದೆ. ಬೀಳುವಾಗ ಏರಿಳಿತವೂ ಹೆಚ್ಚುತ್ತದೆ. ಜೊತೆಗೆ, ಷೇರು ಇಟ್ಟುಕೊಂಡ ದೊಡ್ಡ ಫಂಡ್‌ಗಳು ವಿಮೆಯ ಹಾಗೆ ಕೆಳಗಿನ ಪುಟ್ ಕೊಳ್ಳುತ್ತವೆ. ಮೇಲಿನ ಕಾಲ್‌ಗಳನ್ನು ಅದೇ ಷೇರುಗಳ ಮೇಲೆ ಮಾರಿ ಒಂದಿಷ್ಟು ಪ್ರೀಮಿಯಂ ಗಳಿಸುತ್ತವೆ. ಒಂದು ಕಡೆ ಕೊಳ್ಳುವವರ ನೂಕು, ಇನ್ನೊಂದು ಕಡೆ ಮಾರುವವರ ನೂಕು.

ಇಲ್ಲಿ ತುಂಬಾ ಜನ ಎಡವುತ್ತಾರೆ. ‘ಪುಟ್‌ಗೆ ಐವಿ ಜಾಸ್ತಿ, ಕಾಲ್‌ಗೆ ಕಡಿಮೆ’ ಅನ್ನುವುದು ತಪ್ಪು. ವ್ಯತ್ಯಾಸ ಇರುವುದು ಸ್ಟ್ರೈಕ್‌ನಲ್ಲಿ. 9,000ದ ಪುಟ್‌ನ ಐವಿ 28% ಆದರೆ, 9,000ದ ಕಾಲ್‌ನದ್ದೂ ಅಷ್ಟೇ ಇರಬೇಕು. ಇಲ್ಲದಿದ್ದರೆ ಒಂದನ್ನು ಕೊಂಡು ಇನ್ನೊಂದನ್ನು ಮಾರಿ, ಫ್ಯೂಚರ್ಸ್‌ನಲ್ಲಿ ಸರಿದೂಗಿಸಿ, ರಿಸ್ಕ್ ಇಲ್ಲದೆ ಲಾಭ ಮಾಡಬಹುದು. ಎಲ್ಲ ಸ್ಟ್ರೈಕ್‌ಗಳ ಬೆಲೆಪಟ್ಟಿಯಾದ ಆಪ್ಷನ್ ಚೈನ್‌ನಲ್ಲಿ ಒಂದೇ ಸ್ಟ್ರೈಕ್‌ನ ಎರಡು ಐವಿ ತೀರಾ ಬೇರೆ ಕಂಡರೆ, ಹೆಚ್ಚಾಗಿ ಅದು ವಹಿವಾಟಿಲ್ಲದ ಹಳೆಯ ಬೆಲೆ, ಇಲ್ಲವೇ ಫ್ಯೂಚರ್ಸ್ ಬದಲು ಸ್ಪಾಟ್ ಬೆಲೆ ಹಾಕಿ ಮಾಡಿದ ಲೆಕ್ಕ.

ಹಾಗಾದರೆ ದುಬಾರಿ ಪುಟ್ ಮಾರಿದರೆ ಸುಮ್ನೆ ಲಾಭವೇ? ಹೆಚ್ಚಿನ ತಿಂಗಳು ಆ 35 ಪಾಯಿಂಟ್ ಕೈಗೆ ಸಿಗಬಹುದು. ಎಕ್ಸ್‌ಪೈರಿಗೆ ಸೂಚ್ಯಂಕ 8,000ಕ್ಕೆ ಇಳಿದಿದ್ದರೆ ಮಾತ್ರ 965 ಪಾಯಿಂಟ್ ನಷ್ಟ.