ಪ್ಯಾಕೆಟ್ ಕಾಫಿಪುಡಿ: ಕಹಿಯೇ ಬೇರೆ, ಗಟ್ಟಿಯೇ ಬೇರೆ

ಸೂಪರ್‌ಮಾರ್ಕೆಟ್‌ನಿಂದ ತಂದ ಪುಡಿಯನ್ನು ತರಿಯಾಗಿಸಲು ಆಗದು. ಹಾಗಾಗಿ ಪುಡಿಗೆ ತಕ್ಕ ವಿಧಾನವನ್ನು ಮೊದಲು ಆರಿಸಿ, ಆಮೇಲೆ ಅಳತೆ ಮತ್ತು ಬಿಸಿಯನ್ನು ಹೊಂದಿಸಿಕೊಳ್ಳಬೇಕು.

ಚಿಟಿಕೆ ಪುಡಿಯನ್ನು ಬೆರಳಲ್ಲಿ ಉಜ್ಜಿ ನೋಡಿ. ಹಿಟ್ಟಿನಂತೆ ಬೆರಳಿಗೆ ಮೆತ್ತಿಕೊಂಡರೆ ಎಸ್ಪ್ರೆಸ್ಸೊ ಪುಡಿ. ಪೇಪರ್ ಫಿಲ್ಟರ್‌ಗೆ ಹಾಕಿದರೆ ನೀರು ಇಳಿಯದೆ ಕಟ್ಟಿಕೊಳ್ಳುತ್ತದೆ. ಪುಡಿ ಉಪ್ಪಿನಷ್ಟು ನುಣುಪಿದ್ದರೆ, ಒಲೆಯ ಮೇಲಿಟ್ಟು ಹಬೆಯ ಒತ್ತಡದಿಂದ ಕಾಫಿ ಮಾಡುವ ಮೋಕಾ ಪಾಟ್‌ಗೆ ಸರಿ, ಆದರೆ ಒತ್ತಿ ತುಂಬಬಾರದು. ಬಹಳಷ್ಟು ಪ್ಯಾಕೆಟ್‌ಗಳು ಸಣ್ಣ ಮರಳಿನ ಹದದಲ್ಲಿರುತ್ತವೆ. ಇದಕ್ಕೆ, ಪುಡಿಯನ್ನು ಬಿಸಿನೀರಲ್ಲಿ ನೆನೆಸಿ ಜಾಲರಿಯ ಪ್ಲಂಜರಿನಿಂದ ಕೆಳಗೆ ಒತ್ತುವ ಫ್ರೆಂಚ್ ಪ್ರೆಸ್ ಒಳ್ಳೆಯದು. ಪೇಪರ್ ಫಿಲ್ಟರ್‌ನಲ್ಲಿ ನೀರು ಎಷ್ಟು ಹೊತ್ತಿಗೆ ಇಳಿಯಬೇಕೆಂದು ಬಹುಮಟ್ಟಿಗೆ ಪುಡಿಯೇ ತೀರ್ಮಾನಿಸುತ್ತದೆ. ಪ್ರೆಸ್‌ನಲ್ಲಿ ಸಮಯ ನಮ್ಮ ಕೈಯಲ್ಲಿರುತ್ತದೆ.

ಎಲ್ಲರೂ ಎಡವುವುದು ಇಲ್ಲಿ. ಕಾಫಿ ಕಹಿಯಾಯಿತು ಅಂದ ಕೂಡಲೇ ಕೈ ಪುಡಿಯನ್ನು ಕಡಿಮೆ ಮಾಡುತ್ತದೆ. 300 ಮಿ.ಲೀ. ನೀರಿಗೆ 20 ಗ್ರಾಂ ಹಾಕುತ್ತಿದ್ದವರು 15ಕ್ಕೆ ಇಳಿಯುತ್ತಾರೆ. ಲೋಟದಲ್ಲಿ ಸಿಗುವುದು ನೀರುನೀರಾದ, ಆದರೂ ನಾಲಿಗೆಯ ಹಿಂಬದಿಯಲ್ಲಿ ಒಗರು ಉಳಿಸುವ ಕಾಫಿ. ಯಾಕೆ? ಮೊದಲು ಒಂದು ಗ್ರಾಂ ಪುಡಿಗೆ 15 ಮಿ.ಲೀ. ನೀರು ಸಿಗುತ್ತಿತ್ತು, ಈಗ 20 ಸಿಗುತ್ತದೆ. ಪಾಲಿಗೆ ಬಂದ ನೀರು ಹೆಚ್ಚಾದಷ್ಟೂ ಪ್ರತಿ ಕಣದಿಂದ ಹೆಚ್ಚು ಸಾರ ಹೊರಬರುತ್ತದೆ. ಹುಳಿ, ಸಿಹಿ ಬೇಗ ಬಿಡುತ್ತವೆ. ಕಹಿ, ಒಗರು ನಿಧಾನವಾಗಿ ಕೊನೆಗೆ ಬಿಡುತ್ತವೆ. ಅಂದರೆ ಗಟ್ಟಿತನ ಇಳಿಯಿತು, ಕಹಿಯ ಪಾಲು ಇಳಿಯಲಿಲ್ಲ. ಇವೆರಡನ್ನೂ ಒಂದೇ ಎಂದುಕೊಂಡಿರುವ ತನಕ ಯಾವ ಪ್ಯಾಕೆಟ್ ತಂದರೂ ಅಷ್ಟೇ.

ಆದ್ದರಿಂದ 20 ಗ್ರಾಂ ಅನ್ನು ಹಾಗೇ ಬಿಟ್ಟು ನೀರಿನ ಬಿಸಿಯನ್ನು ಇಳಿಸಿ. ಪುಡಿ ಕಡುಕಪ್ಪಾಗಿ ಹುರಿದದ್ದಾಗಿದ್ದರೆ 85ರಿಂದ 88 ಡಿಗ್ರಿ ಸಾಕು. ಥರ್ಮಾಮೀಟರ್ ಇಲ್ಲದಿದ್ದರೆ, ಕುದಿದ ನೀರನ್ನು ತಣ್ಣನೆಯ ಜಗ್ಗಿಗೆ ಸುರಿದು ಒಂದೆರಡು ನಿಮಿಷ ಬಿಡಿ. ಪಾತ್ರೆಯೇ ಹಲವು ಡಿಗ್ರಿ ಹೀರಿಕೊಳ್ಳುತ್ತದೆ. ಪುಡಿಯ ಮೇಲೆ ಸುರಿದು, ಒಮ್ಮೆ ಕಲಕಿ, ಮುಚ್ಚಿ ನಾಲ್ಕು ನಿಮಿಷ ಇಡಿ. ಮೇಲೆ ತೇಲುವ ಪುಡಿಯನ್ನು ಚಮಚದಿಂದ ತೆಗೆದು, ಪ್ಲಂಜರನ್ನು ಮೆಲ್ಲಗೆ ಒತ್ತಿ, ಪೂರ್ತಿ ಬಗ್ಗಿಸಿಬಿಡಿ. ಪ್ರೆಸ್‌ನಲ್ಲೇ ಉಳಿದ ಕಾಫಿಗೆ ಪುಡಿ ಸಾರ ಬಿಡುತ್ತಲೇ ಇರುತ್ತದೆ, ಎರಡನೇ ಲೋಟ ಕಹಿಯಾಗುವುದು ಹಾಗೆ.

ಇಷ್ಟಾದರೂ ಕಹಿ ಇದ್ದರೆ ಮೂರು ನಿಮಿಷಕ್ಕೆ ಬಗ್ಗಿಸಿ. ಕಹಿ ಹೋಗಿ ಬರೀ ಹುಳಿ, ಪೊಳ್ಳು ಅನ್ನಿಸಿದರೆ ಬಿಸಿಯನ್ನು 92ಕ್ಕೆ ಏರಿಸಿ. ತಿಳಿಕಂದು ಹುರಿದ ಪುಡಿಗೆ ಆರಂಭದಿಂದಲೇ 95 ಡಿಗ್ರಿಯ ಹತ್ತಿರ ಬೇಕಾಗುತ್ತದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಇಲ್ಲದಿದ್ದರೆ ಯಾವುದರಿಂದ ಸರಿಹೋಯಿತೆಂದು ಗೊತ್ತಾಗದು. ರುಚಿಯ ಹದ ಸರಿಯಿದ್ದು ಗಟ್ಟಿ ಮಾತ್ರ ಹೆಚ್ಚೆನಿಸಿದರೆ, ಬಗ್ಗಿಸಿದ ಮೇಲೆ ಲೋಟಕ್ಕೆ ಬಿಸಿನೀರು ಬೆರೆಸಿ, ಪುಡಿಗೆ ಅಲ್ಲ.

ತೆರೆದು ವಾರಗಳಾದ ಪ್ಯಾಕೆಟ್ ರಟ್ಟಿನ ವಾಸನೆ ಹೊಡೆಯುತ್ತಿದ್ದರೆ ಈ ಯಾವ ತಿದ್ದುಪಡಿಯೂ ಅದಕ್ಕೆ ತಾಗದು.